ತಾತಯ್ಯನವರ ಬಾಲ್ಯ: ದಾಖಲೆಗಳು ಹೊರಬರಲಿ

ಕೈವಾರದ ಯೋಗಿ ನಾರೇಯಣ ತಾತಯ್ಯನವರು 1726ರಲ್ಲಿ ಕೈವಾರದಲ್ಲೇ ಹುಟ್ಟಿ, ಬಳೆ ಮಾರುವ ಕಸುಬಿನಲ್ಲಿದ್ದು, 1836ರಲ್ಲಿ ಸಮಾಧಿಸ್ಥರಾದರು ಎಂಬುದು ಪರಂಪರೆಯ ಮಾತು. ಬಂಗಾರಪೇಟೆ, ಕೆಜಿಎಫ್ ಕಡೆಯ ಭಕ್ತರ ಮನೆಗಳಲ್ಲೂ ಈ ಕಥೆ ಬಾಯಿಂದ ಬಾಯಿಗೆ ಬಂದಿದೆ. ಆ ಕಾಲದಲ್ಲಿ ಜನನ ನೋಂದಣಿ ಇರಲಿಲ್ಲ. ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆಯಲ್ಲಿ ಹುಟ್ಟಿದ ಹೈದರಾಲಿಯ ಜನ್ಮವರ್ಷವೇ ಒಂದೊಂದು ಗ್ರಂಥದಲ್ಲಿ ಒಂದೊಂದು ಬಗೆಯಾಗಿದೆ. ಬಳೆಗಾರರ ಮನೆಯ ಮಗುವಿನ ವಿಷಯದಲ್ಲಿ ಹೇಳುವುದೇನು?

ಆದ್ದರಿಂದ ಮಠದ ಟ್ರಸ್ಟ್ ತನ್ನಲ್ಲಿರುವ ತಾಳೆಗರಿ, ಕಾಗದದ ಪ್ರತಿಗಳ ಕೊನೆಯ ಪುಟಗಳ ಛಾಯಾಪ್ರತಿಯನ್ನು ಸಾರ್ವಜನಿಕರಿಗೆ ಒದಗಿಸಬೇಕು. ಬರೆದವರ ಹೆಸರು, ತಿಥಿ, ಸಂವತ್ಸರ ಸಾಮಾನ್ಯವಾಗಿ ಸಿಗುವುದು ಅಲ್ಲೇ. ಸಂವತ್ಸರವೊಂದನ್ನೇ ನಂಬಿದರೆ ಎಡವಟ್ಟಾಗುತ್ತದೆ. 1726ರ ಯುಗಾದಿಗೆ ಆರಂಭವಾದದ್ದು ಪರಾಭವ. ಅದೇ ಹೆಸರು 1666ರಲ್ಲೂ 1786ರಲ್ಲೂ ಬರುತ್ತದೆ. ಜೊತೆಗೆ ಶಕವರ್ಷ 1648 ಎಂದಿದ್ದರೆ ಮಾತ್ರ ಅನುಮಾನ ಉಳಿಯುವುದಿಲ್ಲ. ಬರಹ ತಾತಯ್ಯನವರ ಕಾಲದ್ದೋ, ನಂತರದ ನಕಲೋ ಎಂಬುದನ್ನೂ ತಿಳಿಸಬೇಕು.

ಮಠಕ್ಕೆ ಸೇರಿದ ಇನಾಂ ಜಮೀನಿನ ಹಳೆಯ ಕಾಗದಗಳಿದ್ದರೆ ಅವೂ ಬೇಕು. ಅವು ಜನ್ಮವರ್ಷ ಹೇಳಲಾರವು, ಆದರೆ ಮನೆತನ ಯಾವ ಊರಲ್ಲಿ ನೆಲೆಸಿತ್ತು ಎಂಬುದಕ್ಕೆ ಸಾಕ್ಷಿಯಾಗಬಲ್ಲವು. ಕೈವಾರ 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದುದರಿಂದ ಹುಡುಕಾಟ ಚಿಕ್ಕಬಳ್ಳಾಪುರದ ಕಚೇರಿಗಳಲ್ಲೇ ನಿಲ್ಲದೆ ಕೋಲಾರದ ಹಳೆಯ ಕಡತಗಳಿಗೂ ಹೋಗಬೇಕು.

— ಓದುಗರೊಬ್ಬರು, ಬಂಗಾರಪೇಟೆ