ಹೆಚ್ಚು ಸಂದ ಸಂಬಳ: ವಸೂಲಿ ನೋಟಿಸಿನ ಭಾಷೆ ಬದಲಾಗಲಿ



ಬೇಲೂರು, ಹಳೇಬೀಡು, ಅರಸೀಕೆರೆಯ ಕಚೇರಿಗಳಲ್ಲಿ ವರ್ಷಗಟ್ಟಲೆ ಸಂಬಳದ ಬಿಲ್ಲು ತಯಾರಿಸಿದವನು ನಾನು. ಈಚೆಗೆ ಹಳೇಬೀಡು ಕಡೆಯ ಪರಿಚಿತ ಮಹಿಳೆಯೊಬ್ಬರು ನೋಟಿಸೊಂದನ್ನು ತಂದು ತೋರಿಸಿದರು. ಅವರು ಗ್ರೂಪ್ ಬಿ ನೌಕರರು. ವೇತನ ನಿಗದಿ ಮಾಡುವಾಗ ಒಂದು ವೇತನ ಬಡ್ತಿಯನ್ನು ಗುಮಾಸ್ತರು ಎರಡು ಸಲ ಸೇರಿಸಿದ್ದರು. ತಿಂಗಳಿಗೆ 2,000 ರೂಪಾಯಿಯಂತೆ 18 ತಿಂಗಳು ಹೆಚ್ಚು ಸಂದಿದ್ದು ಆಡಿಟ್‌ನಲ್ಲಿ ಸಿಕ್ಕಿತು. ನೋಟಿಸಿನಲ್ಲಿ ಇದ್ದದ್ದು ಮೂರೇ ಸಾಲು: ಸರ್ಕಾರಕ್ಕೆ ನಷ್ಟ ಉಂಟುಮಾಡಿದ್ದೀರಿ, 36,000 ರೂಪಾಯಿಯನ್ನು ಮುಂದಿನ ವೇತನದಲ್ಲಿ ಒಂದೇ ಕಂತಿನಲ್ಲಿ ಕಟಾಯಿಸಲಾಗುವುದು. ತಪ್ಪು ಕಚೇರಿಯದು, ಬೈಗುಳ ಅವರಿಗೆ. ಓದಿ ಹೇಳುವಾಗ ಆ ತಾಯಿಯ ಕೈ ನಡುಗುತ್ತಿತ್ತು.

ನೋಟಿಸು ಬರೆಯುವ ಮೊದಲು, ವಸೂಲಿ ಮಾಡಬಹುದೇ ಎಂದು ನೋಡಬೇಕು. 2014ರ ರಫೀಕ್ ಮಸೀಹ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ: ಗ್ರೂಪ್ ಸಿ, ಡಿ ನೌಕರರಿಂದ, ನಿವೃತ್ತರಿಂದ, ವರ್ಷದೊಳಗೆ ನಿವೃತ್ತರಾಗುವವರಿಂದ ವಸೂಲಿ ಸಲ್ಲದು, ಐದು ವರ್ಷ ಮೀರಿ ಹೆಚ್ಚು ಪಾವತಿಯಾಗುತ್ತಲೇ ಬಂದಿದ್ದರೂ ಸಲ್ಲದು. ಆದರೆ ಹೆಚ್ಚು ಬಂದರೆ ಹಿಂತಿರುಗಿಸುತ್ತೇನೆಂದು ವೇತನ ನಿಗದಿಯ ವೇಳೆ ಮುಚ್ಚಳಿಕೆ ಬರೆದುಕೊಟ್ಟ ಅಧಿಕಾರಿಯಿಂದ ವಸೂಲಿ ಮಾಡಬಹುದೆಂದು 2016ರ ಜಗದೇವ್ ಸಿಂಗ್ ಪ್ರಕರಣದಲ್ಲಿ ಅದೇ ಕೋರ್ಟ್ ಹೇಳಿತು. ಅಲ್ಲಿಯೂ ಎರಡು ವರ್ಷದ ಸಮ ಮಾಸಿಕ ಕಂತು ಕೊಟ್ಟಿತು ಎಂಬುದನ್ನು ನಮ್ಮ ಕಚೇರಿಗಳು ಮರೆಯುತ್ತವೆ.

ಈ ಮಹಿಳೆಯೂ ಮುಚ್ಚಳಿಕೆ ಕೊಟ್ಟಿದ್ದರು; ಹಣ ಕಟ್ಟಲು ತಕರಾರಿರಲಿಲ್ಲ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

‘ನಿಮ್ಮ ವೇತನ ನಿಗದಿಯಲ್ಲಿ ನಮ್ಮ ಕಚೇರಿಯಿಂದ ತಪ್ಪಾಗಿದೆ. ಇದರಲ್ಲಿ ನಿಮ್ಮ ಲೋಪವಿಲ್ಲ. ಇದರಿಂದ ಆದ ತೊಂದರೆಗೆ ವಿಷಾದಿಸುತ್ತೇವೆ. ತಿಂಗಳಿಗೆ 2,000 ರೂ.ನಂತೆ 18 ತಿಂಗಳಿಗೆ ಒಟ್ಟು 36,000 ರೂ. ಹೆಚ್ಚು ಪಾವತಿಯಾಗಿದೆ, ತಿಂಗಳುವಾರು ಪಟ್ಟಿ ಲಗತ್ತಿಸಿದೆ. ಲೆಕ್ಕ ನೋಡಿ, ಆಕ್ಷೇಪಣೆ ಇದ್ದರೆ 15 ದಿನದೊಳಗೆ ತಿಳಿಸಿ. ಅಲ್ಲಿಯವರೆಗೆ ಕಟಾವಣೆ ಇಲ್ಲ. ಬಳಿಕ ತಿಂಗಳಿಗೆ 1,500 ರೂ.ನಂತೆ 24 ಕಂತುಗಳಲ್ಲಿ, ಬಡ್ಡಿಯಿಲ್ಲದೆ ಕಟಾಯಿಸಲು ಯೋಚಿಸಿದ್ದೇವೆ. ಕಂತು ಭಾರವೆನಿಸಿದರೆ ತಿಳಿಸಿ, ಬದಲಿಸಲು ಪರಿಶೀಲಿಸುತ್ತೇವೆ.’

ಇಲ್ಲಿ ಮೊತ್ತ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಆ ಪಟ್ಟಿ ಮಾತ್ರ ಮುಖ್ಯ: ಪಡೆದದ್ದೆಷ್ಟು, ಪಡೆಯಬೇಕಾದದ್ದೆಷ್ಟು, ವ್ಯತ್ಯಾಸವೆಷ್ಟು ಎಂದು ಪ್ರತಿ ತಿಂಗಳಿಗೂ ಇರಬೇಕು. ಪಟ್ಟಿಯಿಲ್ಲದ ಮೊತ್ತದಲ್ಲಿ ತುಟ್ಟಿಭತ್ಯೆಯ ಲೆಕ್ಕ ತಪ್ಪಿದ್ದನ್ನು ನಾನೇ ಎಷ್ಟೋ ಸಲ ಹಿಡಿದಿದ್ದೇನೆ. ಮುಂದಿನ ಸಂಬಳ ಚೀಟಿಗಳಲ್ಲಿ ‘ಕಂತು 3/24’ ಎಂಬಂತೆ ಕಾಣಿಸಿದರೆ ನೌಕರರಿಗೂ ಬಾಕಿ ಗೊತ್ತಿರುತ್ತದೆ.

ಪಟ್ಟಿಯಿಲ್ಲದ, ಆಕ್ಷೇಪಣೆಗೆ ಅವಕಾಶವಿಲ್ಲದ ವಸೂಲಿ ನೋಟಿಸಿಗೆ ಬಟವಾಡೆ ಅಧಿಕಾರಿಗಳು ಸಹಿ ಹಾಕಬಾರದೆಂದು ಜಿಲ್ಲೆಯ ಹಿರಿಯ ಅಧಿಕಾರಿಗಳು ಸುತ್ತೋಲೆ ಹೊರಡಿಸಲಿ ಎಂದು ವಿನಂತಿ.

– ನಿವೃತ್ತ ಪ್ರಥಮ ದರ್ಜೆ ಸಹಾಯಕ, ಅರಸೀಕೆರೆ