ಮಗಳ ಮುಚ್ಚಳಿಕೆಗೆ ಸಹಿ ಹಾಕುವ ಮುನ್ನ

ಸೋದರಿಯರೇ, ಈ ಸಲ ಅಡಿಗೆ ಮನೆಯಿಂದ ಸ್ವಲ್ಪ ಹೊರಗೆ ಬರೋಣ. ಓದುಗ ತಾಯಿಯೊಬ್ಬರು ಕಾಗದ ಬರೆದಿದ್ದಾರೆ. ಮಗಳು ನರ್ಸಿಂಗ್ ಮುಗಿಸಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಈಗ ಆಸ್ಪತ್ರೆಯವರೇ ಖರ್ಚು ಹಾಕಿ ಆರು ತಿಂಗಳು ಡಯಾಲಿಸಿಸ್ ತರಬೇತಿಗೆ ಕಳಿಸುತ್ತಾರಂತೆ. ಬಂದ ಮೇಲೆ ಮೂರು ವರ್ಷ ಅಲ್ಲೇ ದುಡಿಯಬೇಕು, ಇಲ್ಲದಿದ್ದರೆ ಎರಡು ಲಕ್ಷ ಕಟ್ಟಬೇಕು ಅಂತ ಮುಚ್ಚಳಿಕೆ ಕೇಳಿದ್ದಾರೆ. ತಂದೆ ಜಾಮೀನು ಹಾಕಬೇಕಂತೆ. "ಸಹಿ ಹಾಕಬಹುದೇ?" ಅನ್ನುವುದು ಆಕೆಯ ಪ್ರಶ್ನೆ.

ಇಂಥ ಮುಚ್ಚಳಿಕೆ ಕಾನೂನಿಗೆ ವಿರೋಧವೇನಲ್ಲ. ನಮ್ಮ ವಿಜಯಾ ಬ್ಯಾಂಕ್ ನೆನಪಿದೆಯಲ್ಲ, 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಮೂರು ವರ್ಷದೊಳಗೆ ಕೆಲಸ ಬಿಟ್ಟರೆ ಎರಡು ಲಕ್ಷ ಕೊಡಬೇಕೆಂಬ ಅದರ ಕರಾರನ್ನು ಸುಪ್ರೀಂ ಕೋರ್ಟು 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ಹಾಗಂತ ಹುಡುಗಿಯನ್ನು ಕಟ್ಟಿಹಾಕಿ ದುಡಿಸಲು ಯಾರಿಗೂ ಹಕ್ಕಿಲ್ಲ. ಬಿಟ್ಟುಹೋದರೆ ಕೇಳಬಹುದಾದ್ದು ಹಣವನ್ನು ಮಾತ್ರ.

ಎಷ್ಟು ಹಣ? ಗುಟ್ಟೆಲ್ಲ ಇರೋದು ಇಲ್ಲೇ. 1872ರ ಕರಾರು ಕಾಯಿದೆಯ 74ನೇ ಕಲಮಿನ ಪ್ರಕಾರ ಕಾಗದದಲ್ಲಿ ಬರೆದ ಮೊತ್ತ ಗರಿಷ್ಠ ಮಿತಿ ಅಷ್ಟೆ. ಕೋರ್ಟು ಅದರೊಳಗೆ ನ್ಯಾಯವಾದಷ್ಟನ್ನು ಕೊಡಿಸುತ್ತದೆ. 2011ರಲ್ಲಿ ದೆಹಲಿ ಹೈಕೋರ್ಟಿನ ಮುಂದೆ ಬಂದ ಪ್ರಕರಣ ಕೇಳಿ. ಅಲ್ಲೂ ಮೂರು ವರ್ಷದ ಕರಾರು, ಎರಡು ಲಕ್ಷದ ಬಾಂಡು. ನೌಕರ ಎರಡು ವರ್ಷ ದುಡಿದು ಬಿಟ್ಟ. ಕಂಪನಿ ಅವನಿಗಾಗಿ ನಿಜಕ್ಕೂ ಖರ್ಚು ಮಾಡಿದ್ದು 67,596 ರೂಪಾಯಿ. ಉಳಿದದ್ದು ಮೂರರಲ್ಲಿ ಒಂದು ವರ್ಷ ತಾನೇ? ಹಾಗಾಗಿ ಮೂರನೇ ಒಂದು ಪಾಲು, 22,532 ರೂಪಾಯಿ ಕೊಡು ಅಂದಿತು ಕೋರ್ಟು.

ಆದರೆ ಕೋರ್ಟಿನ ಮೆಟ್ಟಿಲು ಹತ್ತೋದು ಯಾರಿಗೆ ಬೇಕು? ಈ ಲೆಕ್ಕವನ್ನೇ ಮುಚ್ಚಳಿಕೆಯಲ್ಲಿ ಬರೆಸಿಕೊಂಡರೆ ಜಗಳವೇ ಇಲ್ಲ. ಆ ಮಗಳ ತರಬೇತಿಯ ಶುಲ್ಕ 66,000, ಹಾಸ್ಟೆಲಿಗೆ ತಿಂಗಳಿಗೆ 4,000ದಂತೆ 24,000 ಅಂತಿಟ್ಟುಕೊಳ್ಳಿ. ಒಟ್ಟು 90,000. ಇದನ್ನು 36 ತಿಂಗಳಿಗೆ ಹಂಚಿದರೆ ತಿಂಗಳಿಗೆ 2,500. ಅವಳು ದುಡಿದ ಪ್ರತಿ ತಿಂಗಳೂ ಸಾಲ ಅಷ್ಟಷ್ಟು ಕರಗಬೇಕು. ಇಪ್ಪತ್ತು ತಿಂಗಳಾದ ಮೇಲೆ ಬಿಟ್ಟಳೆನ್ನಿ, ಉಳಿದ 16 ತಿಂಗಳಿಗೆ ಕೊಡಬೇಕಾದ್ದು 40,000. "ಯಾವಾಗ ಬಿಟ್ಟರೂ ಎರಡು ಲಕ್ಷ" ಅಂತ ಬರೆದಿದ್ದರೆ, ಮೂವತ್ತೈದು ತಿಂಗಳು ದುಡಿದವಳಿಗೂ ಅದೇ ಎರಡು ಲಕ್ಷದ ನೋಟೀಸು ಬರುತ್ತದೆ! ಇದೆಂಥ ನ್ಯಾಯ ರೀ?

ಖರ್ಚಿನ ಪಟ್ಟಿಯನ್ನು ಮುಚ್ಚಳಿಕೆಯ ಜೊತೆಗೇ ಲಗತ್ತಿಸಲು ಹೇಳಿ. ತರಬೇತಿ ಕಾಲದ ಸಂಬಳವನ್ನೂ ಅದಕ್ಕೆ ಸೇರಿಸಿದ್ದಾರೆಯೇ ಅಂತ ಕಣ್ಣಿಟ್ಟು ನೋಡಿ, ಕೆಲವರು ಮೆಲ್ಲಗೆ ಸೇರಿಸಿಬಿಡುತ್ತಾರೆ. ಮೂರು ವರ್ಷದ ಎಣಿಕೆ ಯಾವ ತಾರೀಖಿನಿಂದ ಶುರು ಅನ್ನುವುದೂ ಬರಹದಲ್ಲಿರಲಿ. ತರಬೇತಿ ಮುಗಿದ ಮರುದಿನದಿಂದ ಅಂದರೆ ಸರಿ. "ಕೆಲಸ ಖಾಯಂ ಆದ ಮೇಲೆ" ಅಂದರೆ ಅದು ಎಂದೋ ಏನೋ. ಆಸ್ಪತ್ರೆಯೇ ಅವಳನ್ನು ತೆಗೆದುಹಾಕಿದರೆ, ಅಥವಾ ಮುಚ್ಚಿಹೋದರೆ, ಹಣ ಕೊಡಬೇಕಿಲ್ಲ ಅಂತ ಒಂದು ಸಾಲು ಬೇಕೇ ಬೇಕು. ಮದುವೆ ವಯಸ್ಸಿನ ಹುಡುಗಿ ನೋಡಿ, ಹೆರಿಗೆ ರಜೆ ಆ ಮೂರು ವರ್ಷದಲ್ಲಿ ಎಣಿಕೆಯಾಗುತ್ತದೋ ಇಲ್ಲವೋ, ಅದನ್ನೂ ನಾಚಿಕೊಳ್ಳದೆ ಕೇಳಿ. ಬಾಕಿಯನ್ನು ಒಂದೇ ಗಂಟಿನಲ್ಲಿ ಕಟ್ಟಬೇಕೋ ಕಂತಿನಲ್ಲೋ, ಬಡ್ಡಿ ಇದೆಯೋ ಇಲ್ಲವೋ ಎಂಬುದೂ ಸ್ಪಷ್ಟವಿರಲಿ.

ಇನ್ನು ಯಜಮಾನರ ಜಾಮೀನು. ಬೇರೆ ಮಾತು ಬರೆಯದಿದ್ದರೆ ಜಾಮೀನುದಾರನ ಹೊಣೆ ಮಗಳ ಹೊಣೆಯಷ್ಟೇ ಪೂರ್ತಿ. ಮೊದಲು ಅವಳನ್ನು ಕೇಳಿ ಆಮೇಲೆ ಇವರ ಹತ್ತಿರ ಬರಬೇಕು ಅಂತೇನಿಲ್ಲ, ನೇರವಾಗಿ ಇವರನ್ನೇ ಹಿಡಿಯಬಹುದು. ಆದ್ದರಿಂದ ಜಾಮೀನಿನ ಸಾಲಿನಲ್ಲೂ "ಆ ದಿನಕ್ಕೆ ಉಳಿದ ಬಾಕಿಯಷ್ಟಕ್ಕೆ ಮಾತ್ರ" ಅಂತ ಸೇರಿಸಲು ಹೇಳಿ. ಮೊತ್ತ ಬರೆಯದ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ. ಅದಕ್ಕೆ ಅವರಿಗೆ ತೋಚಿದ ಅಂಕಿ ಬರೆದು ಬ್ಯಾಂಕಿಗೆ ಹಾಕಿ, ಹಣವಿಲ್ಲದೆ ವಾಪಸು ಬಂತೆಂದರೆ ಕ್ರಿಮಿನಲ್ ಕೇಸೇ ಆದೀತು. ಅಂಕಪಟ್ಟಿಗಳ ಮೂಲ ಪ್ರತಿಯನ್ನೂ ಅಷ್ಟೇ, ತೋರಿಸಿ ವಾಪಸು ತನ್ನಿ. ನಕಲು ಕೊಟ್ಟರೆ ಸಾಕು.

ಕಾಗದ ಬರೆದ ತಾಯಿಯವರೇ, ಎರಡು ಲಕ್ಷದ ಜಾಗದಲ್ಲಿ ಖರ್ಚಿನ ಪಟ್ಟಿ ಮತ್ತು ತಿಂಗಳಿಗಿಷ್ಟು ಕಡಿತ ಅಂತ ತಿದ್ದಿ ಕೊಟ್ಟರೆ ಧಾರಾಳವಾಗಿ ಸಹಿ ಹಾಕಿಸಿ. ಡಯಾಲಿಸಿಸ್ ಕಲಿತ ನರ್ಸಿಗೆ ಬೇರೆ ಕಡೆಯೂ ಕೆಲಸವಿದೆ. ತಿದ್ದಲು ಒಪ್ಪದಿದ್ದರೆ ಯಾಕೆ ಅಂತ ಕೇಳಿ. ಎರಡೂ ಕಡೆಯವರು ಸಹಿ ಹಾಕಿದ ಒಂದು ಪ್ರತಿ ಅಂದೇ ನಿಮ್ಮ ಕೈಗೆ ಬರಲಿ, "ಆಮೇಲೆ ಕಳಿಸ್ತೀವಿ" ಅಂದರೆ ಅಲ್ಲೇ ಕೂತು ಇಸಕೊಂಡು ಬನ್ನಿ.