ಪೇಟೆಂಟ್ ಸಾರಾಂಶದ ಅನುವಾದ: ರಷ್ಯನ್ ಪ್ರತ್ಯಯವೂ ಇಂಗ್ಲಿಷ್ ಅಲ್ಪವಿರಾಮವೂ

ಅನುವಾದವನ್ನು ಕುರಿತ ನಮ್ಮ ಚರ್ಚೆಗಳು ಬಹುಮಟ್ಟಿಗೆ ಕಾವ್ಯ, ಕಾದಂಬರಿಗಳ ಸುತ್ತಲೇ ನಡೆದಿವೆ. ಅಲ್ಲಿ ಒಂದೇ ಪದವನ್ನು ಮತ್ತೆ ಮತ್ತೆ ಬಳಸುವುದು ದೋಷ. ರಷ್ಯನ್ನಿನಿಂದ ಇಂಗ್ಲಿಷಿಗೆ ಬರುವ ಪೇಟೆಂಟ್ ಸಾರಾಂಶಗಳಲ್ಲಿ ಅದೇ ಗುಣ. ಅಲ್ಲಿ ಓದುಗನಿಗೆ ಹಿತವಾಗಲೆಂದು ವಾಕ್ಯವನ್ನು ತಿದ್ದುವ ಅನುವಾದಕನು ಯಂತ್ರವನ್ನೇ ತಿದ್ದಿಬಿಡುವ ಅಪಾಯವಿದೆ.

ರಷ್ಯನ್ ಸಾರಾಂಶವು ಅನೇಕ ವೇಳೆ 'ಫೋರ್ಮುಲ', ಅಂದರೆ ಸಂಶೋಧಕನು ತನ್ನದೆಂದು ಹಕ್ಕು ಕೋರುವ ಅಂಶಗಳ ಒಕ್ಕಣೆಯನ್ನೇ ಸಂಕ್ಷೇಪಿಸಿದ್ದಾಗಿರುತ್ತದೆ. ಈ ಒಕ್ಕಣೆಯ ನಡುವೆ 'ಅತ್ಲಿಚಾಯುಶ್ಚೀಸ್ಯ ತೆಮ್, ಶ್ತೊ' ಎಂಬ ಸಿದ್ಧಪದಗುಚ್ಛ ಬರುತ್ತದೆ. ಅದರ ಹಿಂದಿನದು ಈಗಾಗಲೇ ತಿಳಿದದ್ದು, ಮುಂದಿನದು ಹೊಸದು. ಇಂಗ್ಲಿಷಿನಲ್ಲಿ ಇದಕ್ಕೆ 'ಕ್ಯಾರೆಕ್ಟರೈಸ್ಡ್ ಇನ್ ದಟ್' ಎಂಬ ರೂಢಿಯ ಸಮಾನವಿದೆ. ಅದನ್ನು ಕೈಬಿಟ್ಟು ವಾಕ್ಯವನ್ನು ಎರಡಾಗಿ ಒಡೆದರೆ ಹಳತು-ಹೊಸತುಗಳ ಗಡಿರೇಖೆಯೇ ಅಳಿಯುತ್ತದೆ.

ಆದರೆ ಹೆಚ್ಚು ತೊಡಕಿರುವುದು ಪ್ರತ್ಯಯಗಳಲ್ಲಿ. ಮುಚ್ಚಳವಿರುವ ಕವಚ, ಅದಕ್ಕೆ ಜೋಡಿಸಿದ ಶಾಫ್ಟ್ ಎಂಬ ಸರಳ ನಿದರ್ಶನವನ್ನೇ ನೋಡೋಣ. ರಷ್ಯನ್ನಿನಲ್ಲಿ 'ಕೋರ್ಪುಸ್ ಸ್ ಕ್ರೀಶ್ಕೊಯ್, ಸೊಯೆದಿನ್ಯೊನ್ನೊಯ್ ಸ್ ವಾಲೊಮ್' ಎಂದರೆ ಶಾಫ್ಟಿಗೆ ಜೋಡಿಸಿರುವುದು ಮುಚ್ಚಳ. ಕೃದಂತದ ಸ್ತ್ರೀಲಿಂಗ ಪ್ರತ್ಯಯ 'ಒಯ್' ಸ್ತ್ರೀಲಿಂಗ ನಾಮವಾದ ಮುಚ್ಚಳಕ್ಕೆ ಹೊಂದುತ್ತದೆ. ಅದೇ 'ಸೊಯೆದಿನ್ಯೊನ್ನಿಯ್' ಎಂದಾದರೆ ಜೋಡಣೆಯು ಪುಲ್ಲಿಂಗ ನಾಮವಾದ ಕವಚಕ್ಕೆ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಎರಡೂ 'ಎ ಹೌಸಿಂಗ್ ವಿತ್ ಎ ಕವರ್, ಕನೆಕ್ಟೆಡ್ ಟು ಎ ಶಾಫ್ಟ್' ಎಂದೇ ಆಗುತ್ತವೆ. ಅಲ್ಪವಿರಾಮವೊಂದು ಈ ಭಾರವನ್ನು ಹೊರಲಾರದು. ನಾಮಪದವನ್ನು ಪುನರುಕ್ತಿಸಿ 'ದ ಕವರ್ ಬೀಯಿಂಗ್ ಕನೆಕ್ಟೆಡ್ ಟು ಎ ಶಾಫ್ಟ್' ಎನ್ನುವುದೇ ದಾರಿ. ಕಿವಿಗೆ ಒರಟಾದರೂ ಸರಿ. (ಕನ್ನಡದಲ್ಲಿ ಕೃದಂತವು ನಾಮಪದದ ಹಿಂದೆ ನಿಲ್ಲುವುದರಿಂದ 'ಶಾಫ್ಟಿಗೆ ಜೋಡಿಸಿದ ಮುಚ್ಚಳವುಳ್ಳ ಕವಚ' ಎಂದು ನಿರಾಯಾಸವಾಗಿ ಹೇಳಬಹುದು.)

ರಷ್ಯನ್ನಿಗೆ 'ಎ', 'ದ'ಗಳಿಲ್ಲ. ಕನ್ನಡಕ್ಕೂ ಇಲ್ಲವಾದ್ದರಿಂದ ಈ ಕಷ್ಟ ನಮಗೆ ಪರಿಚಿತ. 'ವಾಲ್' ಎರಡನೆಯ ಸಲ ಬಂದಾಗಲೂ 'ಎ ಶಾಫ್ಟ್' ಎಂದರೆ ಓದುಗನು ಎರಡು ಶಾಫ್ಟ್‌ಗಳನ್ನು ಕಲ್ಪಿಸಿಕೊಳ್ಳುತ್ತಾನೆ. ಸಾರಾಂಶದಲ್ಲಿ ಭಾಗಗಳ ಮುಂದೆ ಕೊಟ್ಟಿರುವ ಅಂಕಿಗಳನ್ನು ಚಿತ್ರದೊಂದಿಗೆ ಹೋಲಿಸಿದರೆ ಸಂದೇಹ ಬಗೆಹರಿಯುತ್ತದೆ. ಬೇಸರ ಕಳೆಯಲೆಂದು ಅದನ್ನೇ ಇನ್ನೊಂದೆಡೆ 'ಆಕ್ಸಲ್' ಎನ್ನುವಂತೆಯೂ ಇಲ್ಲ. 'ವಾಲ್' ತಿರುಚುಬಲವನ್ನು ಸಾಗಿಸುತ್ತದೆ. ರಷ್ಯನ್ನರು 'ಓಸ್' ಎನ್ನುವ ಆಕ್ಸಲ್ ಭಾಗಗಳಿಗೆ ಆಧಾರವಾಗಿರುತ್ತದೆಯಷ್ಟೆ.

ಸಾರಾಂಶಕ್ಕೆ ಕಾನೂನಿನ ಬಲವಿಲ್ಲ, ಇಷ್ಟು ಹಟವೇಕೆ ಎಂದು ಕೇಳಬಹುದು. ಅದು ತಾಂತ್ರಿಕ ಮಾಹಿತಿಗೆ ಮಾತ್ರ ಎಂದು 1970ರ ಪೇಟೆಂಟ್ ಸಹಕಾರ ಒಪ್ಪಂದವೇ ಹೇಳುತ್ತದೆ. ಆದರೆ ರಷ್ಯನ್ ಅರಿಯದ ಪರೀಕ್ಷಕನು ಇಡೀ ದಾಖಲೆಯನ್ನು ತರಿಸಬೇಕೇ ಬೇಡವೇ ಎಂದು ನಿರ್ಧರಿಸುವುದು ಈ ಕೆಲವೇ ಸಾಲುಗಳನ್ನು ಓದಿ. ಮುಚ್ಚಳದ ಬದಲು ಕವಚವು ಶಾಫ್ಟಿಗೆ ಸೇರಿದೆಯೆಂದು ಅಲ್ಲಿ ಓದಿದವನು ಮುಂದಿನ ದಾಖಲೆಗೆ ಹೋಗಿಬಿಡುತ್ತಾನೆ.